ಕಟ್ಟಿದ ಇಎಂಐ ಲೋನ್ ಖಾತೆಗೆ ಬಂದಿಲ್ಲವೇ? ತಾರೀಖನ್ನು ಬಿಡಬೇಡಿ

ಪ್ರಶ್ನೆ: ಇಎಂಐ ಕಟ್ಟಿದ್ದೇನೆ, ನನ್ನ ಅಕೌಂಟಿಂದ ದುಡ್ಡು ಹೋಗಿದೆ. ಲೋನ್ ಅಕೌಂಟಲ್ಲಿ ಮಾತ್ರ ಓವರ್‌ಡ್ಯೂ ಅಂತಲೇ ತೋರಿಸ್ತಿದೆ, ಸ್ಕೋರ್ ಕೂಡ ಬಿದ್ದಿದೆ. ಇನ್ನೊಂದ್ಸಲ ಕಟ್ಟಿ ಮುಗಿಸಿಬಿಡಲಾ, ಇಲ್ಲ ಸಿಬಿಲ್‌ಗೆ ಕಂಪ್ಲೇಂಟ್ ಹಾಕಲಾ?

ಎರಡೂ ಬೇಡ, ಈಗಲೇ ಅಂತೂ ಬೇಡ.

ನನ್ನದು ಕಾರ್ ಲೋನ್, ಒಂದು ಫೈನಾನ್ಸ್ ಕಂಪನಿಯದು. ಕಂತು 11,240 ರೂಪಾಯಿ. ಪ್ರತಿ ತಿಂಗಳು 5ಕ್ಕೆ ಸಂಬಳದ ಖಾತೆಯಿಂದ ತಾನಾಗೇ ಕಟ್ ಆಗುತ್ತಿತ್ತು. ಒಂದು ಮಾರ್ಚ್‌ನಲ್ಲಿ ಸಂಬಳ ತಡವಾಯಿತು, 5ಕ್ಕೆ ಬೌನ್ಸ್ ಆಯಿತು. ಬೌನ್ಸ್ ಚಾರ್ಜ್ 500, ಅದರ ಮೇಲೆ ಜಿಎಸ್‌ಟಿ 90. ಅದು ನ್ಯಾಯವಾದದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ. 7ಕ್ಕೆ ಸಂಬಳ ಬಂತು. ಬ್ರಾಂಚಿಗೆ ಫೋನ್ ಮಾಡಿದೆ. ಅಲ್ಲಿದ್ದ ಹುಡುಗ ವಾಟ್ಸಾಪ್‌ನಲ್ಲಿ ಕಂಪನಿಯ ಖಾತೆ ನಂಬರ್ ಕಳಿಸಿದ. ಅವತ್ತೇ 11,830 ರೂಪಾಯಿ ನೆಫ್ಟ್ ಮಾಡಿದೆ. ಏಪ್ರಿಲ್‌ನಿಂದ ಮತ್ತೆ ಎಂದಿನಂತೆ 5ಕ್ಕೆ ಕಟ್ ಆಗುತ್ತಾ ಹೋಯಿತು.

ನಡುನಡುವೆ ವಸೂಲಿಯವರ ಫೋನ್ ಬರುತ್ತಿತ್ತು. ಸ್ಕ್ರೀನ್‌ಶಾಟ್ ಕಳಿಸಿದರೆ ಸುಮ್ಮನಾಗುತ್ತಿದ್ದರು. ಹಾಗಾಗಿ ನಾನೂ ಸುಮ್ಮನಿದ್ದೆ. ಜುಲೈನಲ್ಲಿ ಮನೆ ಲೋನಿಗೆ ಅರ್ಜಿ ಹಾಕಿದಾಗ ಬ್ಯಾಂಕಿನ ಮೇಡಂ ರಿಪೋರ್ಟ್ ತಿರುಗಿಸಿ ತೋರಿಸಿದರು. "ಸರ್, ಮಾರ್ಚ್‌ನಿಂದ ಪ್ರತಿ ತಿಂಗಳೂ ಲೇಟ್ ಇದೆಯಲ್ಲ?" ಮಾರ್ಚ್, ಏಪ್ರಿಲ್, ಮೇ, ಜೂನ್, ನಾಲ್ಕೂ ಚೌಕದಲ್ಲಿ ಇಪ್ಪತ್ತೈದು, ಇಪ್ಪತ್ತಾರು ಅಂತ ಅಂಕಿ. ಕಂತಿನ ಗಡುವು ಮುಗಿದು ಎಷ್ಟು ದಿನವಾಯಿತು ಅನ್ನುವ ಲೆಕ್ಕ ಅದು, ಡಿಪಿಡಿ ಅನ್ನುತ್ತಾರೆ. ಎಲ್ಲ ಸರಿ ಇದ್ದರೆ ಅಲ್ಲಿ ಸೊನ್ನೆ ಇರಬೇಕು.

ಒಂದು ಕಂತು ತಪ್ಪಿದ್ದಕ್ಕೆ ನಾಲ್ಕು ತಿಂಗಳು ಯಾಕೆ ಲೇಟ್ ಅಂತ ನನಗೆ ಮೊದಲು ಅರ್ಥವಾಗಲಿಲ್ಲ. ಲೋನ್ ಖಾತೆಯಲ್ಲಿ ಬಂದ ದುಡ್ಡು ಮೊದಲು ಹಳೇ ಬಾಕಿಗೆ ಹೋಗುತ್ತದೆ. ಅವರ ಲೆಕ್ಕದಲ್ಲಿ ಮಾರ್ಚ್ ಕಂತು ಬಂದೇ ಇಲ್ಲ. ಏಪ್ರಿಲ್ 5ಕ್ಕೆ ಕಟ್ ಆದ ದುಡ್ಡು ಮಾರ್ಚ್ ಬಾಕಿಗೆ ಹೋಯಿತು, ಏಪ್ರಿಲ್ ಕಂತು ಬಾಕಿ ಉಳಿಯಿತು. ಮೇ ತಿಂಗಳ ದುಡ್ಡು ಏಪ್ರಿಲ್‌ಗೆ ಹೋಯಿತು, ಮೇ ಕಂತು ಬಾಕಿ. ಹೀಗೇ ಮುಂದಕ್ಕೆ. ತಿಂಗಳ ಕೊನೆಯಲ್ಲಿ ಯಾವಾಗ ನೋಡಿದರೂ ಒಂದು ಕಂತು 25 ದಿನ ಹಳೆಯದು. ನಾನು ಒಂದು ತಿಂಗಳೂ ತಪ್ಪಿಸದೆ ಕಟ್ಟುತ್ತಿದ್ದೇನೆ, ರಿಪೋರ್ಟಿನಲ್ಲಿ ಒಂದು ತಿಂಗಳೂ ಸರಿಯಾಗಿ ಕಟ್ಟಿಲ್ಲ. ನಿಮ್ಮದೂ ಹೀಗೇ ಆಗಿರಬಹುದು, ಹಳೇ ತಿಂಗಳುಗಳನ್ನು ಒಮ್ಮೆ ನೋಡಿ.

ದುಡ್ಡು ಎಲ್ಲಿ ಹೋಗಿತ್ತು? ಕಂಪನಿಯಲ್ಲೇ ಇತ್ತು. ಇಂಥ ಎಷ್ಟೋ ಕಂಪನಿಗಳು ಪ್ರತಿ ಲೋನಿಗೂ ಒಂದು ವರ್ಚುವಲ್ ಖಾತೆ ನಂಬರ್ ಕೊಡುತ್ತವೆ. ಆ ನಂಬರಿಗೆ ಹಾಕಿದರೆ ಇದು ಯಾರ ಲೋನಿನದು ಅಂತ ಸಿಸ್ಟಮ್‌ಗೆ ಗೊತ್ತಾಗುತ್ತದೆ. ಆ ಹುಡುಗ ಕಳಿಸಿದ್ದು ಕಂಪನಿಯ ಸಾಮಾನ್ಯ ಖಾತೆಯ ನಂಬರ್. ಖಾತೆ ಕಂಪನಿಯದೇ ಆದ್ದರಿಂದ ದುಡ್ಡು ವಾಪಸ್ ಬರಲಿಲ್ಲ. ಯಾರದು ಅಂತ ಗೊತ್ತಾಗದ್ದರಿಂದ ಲೋನಿಗೂ ಸೇರಲಿಲ್ಲ. ಇಂಥ ಬೇವಾರಸು ದುಡ್ಡನ್ನೆಲ್ಲ ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತಾರೆ. ಯಾರಾದರೂ ಯುಟಿಆರ್, ಅಂದರೆ ಆ ವಹಿವಾಟಿನ ಗುರುತಿನ ನಂಬರ್ ಹಿಡಿದು ಕೇಳುವವರೆಗೆ ಅದು ಅಲ್ಲೇ ಇರುತ್ತದೆ.

ಇಲ್ಲಿಯವರೆಗೆ ಆದದ್ದು ಯಾರಿಗೆ ಬೇಕಾದರೂ ಆಗಬಹುದು. ನಾನು ಕೆಟ್ಟದ್ದು ಇದರ ಮುಂದೆ.

ಯುಟಿಆರ್ ಕೊಟ್ಟು ದೂರು ಹಾಕಿದೆ. ಬ್ರಾಂಚ್ ಮ್ಯಾನೇಜರ್ ಫೋನ್ ಮಾಡಿ, "ಸಿಕ್ತು ಸರ್, ಅಡ್ಜಸ್ಟ್ ಮಾಡಿದ್ದೀವಿ, ಆ್ಯಪ್ ನೋಡಿ" ಅಂದರು. ನೋಡಿದೆ. ಓವರ್‌ಡ್ಯೂ ಸೊನ್ನೆ. ಥ್ಯಾಂಕ್ಸ್ ಹೇಳಿದೆ. ದೂರು ಬಗೆಹರಿಯಿತೇ ಅಂತ ಮೆಸೇಜ್ ಬಂತು, ಹೌದು ಅಂತ ಒತ್ತಿದೆ. ಆ ಒಂದು ಹೌದು ನನಗೆ ತುಂಬಾ ದುಬಾರಿಯಾಯಿತು.

ಅವರು ದುಡ್ಡನ್ನು ನನ್ನ ಲೋನಿಗೆ ಹಾಕಿದ್ದು ನಿಜ. ಹಾಕಿದ ತಾರೀಖು ಮಾತ್ರ ಜುಲೈ 22. ನಾನು ಕಟ್ಟಿದ್ದು ಮಾರ್ಚ್ 7. ಲೆಡ್ಜರಿನಲ್ಲಿ ಜುಲೈ 22 ಅಂತ ಬಿದ್ದರೆ ಅದರ ಅರ್ಥ ಇಷ್ಟೇ: ಈ ಮನುಷ್ಯ ಮಾರ್ಚ್‌ನಿಂದ ಜುಲೈವರೆಗೆ ಬಾಕಿ ಇಟ್ಟುಕೊಂಡಿದ್ದ, ಜುಲೈ 22ಕ್ಕೆ ತೀರಿಸಿದ. ಅಂದರೆ ಹಳೇ ನಾಲ್ಕು ಚೌಕಗಳು ಸುಳ್ಳಲ್ಲ, ನಿಜ ಅಂತ ಲೆಡ್ಜರೇ ಸಾಕ್ಷಿ ಹೇಳಿದ ಹಾಗಾಯಿತು. ಸಿಬಿಲ್ ರಿಪೋರ್ಟಿನಲ್ಲಿ 36 ತಿಂಗಳ ಚೌಕಗಳು ಕಾಣುತ್ತವೆ. ಇವತ್ತಿನ ಬಾಕಿ ಸೊನ್ನೆಯಾದರೂ ಹಿಂದಿನ ಲೇಟ್ ಹೋಗುವುದಿಲ್ಲ. ಬಾಕಿ ಬೇರೆ, ಚರಿತ್ರೆ ಬೇರೆ. ನಾನು ಬಾಕಿ ನೋಡಿ ಖುಷಿಪಟ್ಟೆ, ಮನೆ ಲೋನ್ ಕೊಡುವವರು ಚರಿತ್ರೆ ನೋಡಿದರು.

ಆಗಸ್ಟ್ ಕೊನೆಯಲ್ಲಿ ಹೊಸ ರಿಪೋರ್ಟ್ ತೆಗೆದಾಗ ಜುಲೈಗೆ ಸೊನ್ನೆ ಬಂದಿತ್ತು, ಹಿಂದಿನ ನಾಲ್ಕು ಹಾಗೇ ಇದ್ದವು. ಸಿಟ್ಟಿನಲ್ಲಿ ಸಿಬಿಲ್‌ಗೇ ಡಿಸ್ಪ್ಯೂಟ್ ಹಾಕಿದೆ. ನೀವು ಕೇಳುತ್ತಿರುವುದೂ ಅದನ್ನೇ ಅಲ್ವಾ? ಸಿಬಿಲ್ ತಾನಾಗಿ ಒಂದು ಅಂಕಿಯನ್ನೂ ಬದಲಿಸುವುದಿಲ್ಲ, ಕಾನೂನಿನ ಪ್ರಕಾರ ಅದಕ್ಕೆ ಆ ಅಧಿಕಾರ ಇಲ್ಲ. ಅದು ಸಾಲ ಕೊಟ್ಟವರನ್ನು ಕೇಳುತ್ತದೆ. ಅವರು ಲೆಡ್ಜರ್ ನೋಡುತ್ತಾರೆ. ಲೆಡ್ಜರಿನಲ್ಲಿ ಜುಲೈ 22 ಅಂತಿದೆ. "ಮಾಹಿತಿ ಸರಿಯಾಗಿದೆ" ಅಂತ ಉತ್ತರ ಬರುತ್ತದೆ, ಡಿಸ್ಪ್ಯೂಟ್ ಮುಚ್ಚುತ್ತದೆ. ನನಗೂ ಹಾಗೇ ಬಂತು. ಅಷ್ಟರಲ್ಲಿ ನಾವು ನೋಡಿದ್ದ ಮನೆ ಬೇರೆಯವರ ಪಾಲಾಯಿತು.

ಹಾಗಾಗಿ ನೀವು ಮೊದಲು ಲೋನಿನ ಸ್ಟೇಟ್‌ಮೆಂಟ್ ಆಫ್ ಅಕೌಂಟ್ ತರಿಸಿಕೊಳ್ಳಿ. ಆ್ಯಪ್‌ನ ಸ್ಕ್ರೀನ್ ಸಾಲದು, ಪ್ರತಿ ಜಮಾ ಯಾವ ತಾರೀಖಿಗೆ, ಯಾವ ಕಂತಿಗೆ ಹೋಯಿತು ಅಂತ ತೋರಿಸುವ ಪೂರ್ತಿ ಲೆಡ್ಜರ್ ಬೇಕು. ಅದರ ಪಕ್ಕಕ್ಕೆ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟು ಸಾಲು ಸಾಲಾಗಿ ಹೋಲಿಸಿ. ದುಡ್ಡು ಬಂದೇ ಇಲ್ಲವೋ, ಬಂದು ಬೇರೆ ಚಾರ್ಜಿಗೆ ಮುರಿದುಕೊಂಡು ಕಂತಿಗೆ ಕಡಿಮೆ ಬಿತ್ತೋ ಅಂತ ಆಗ ಗೊತ್ತಾಗುತ್ತದೆ. ಕೆಲವರದು ಐನೂರು, ಆರುನೂರು ರೂಪಾಯಿ ಕಡಿಮೆ ಬಿದ್ದೇ ಓವರ್‌ಡ್ಯೂ ಆಗಿರುತ್ತದೆ. ಅದು ಬೇರೆ ಕಥೆ, ಅದಕ್ಕೆ ಉಳಿದ ದುಡ್ಡು ಕಟ್ಟಿ ಚಾರ್ಜಿನ ಬಗ್ಗೆ ಆಮೇಲೆ ಜಗಳ ಮಾಡಬೇಕು.

ಬಂದೇ ಇಲ್ಲ ಅಂತಾದರೆ ಯುಟಿಆರ್ ಹುಡುಕಿ. ಯುಪಿಐ ಆದರೆ 12 ಅಂಕಿಯ ನಂಬರ್, ನೆಫ್ಟ್ ಆದರೆ 16 ಅಕ್ಷರದ್ದು, ಎರಡೂ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಿಗುತ್ತವೆ. ಫೋನ್‌ನ ಸ್ಕ್ರೀನ್‌ಶಾಟ್ ನಂಬಬೇಡಿ, ಸ್ಟೇಟ್‌ಮೆಂಟ್‌ನ ಪಿಡಿಎಫ್ ಲಗತ್ತಿಸಿ. ಆಮೇಲೆ ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಬರೆಯಿರಿ. ಫೋನ್ ಮಾಡಿದ್ದಕ್ಕೆ ದಾಖಲೆ ಇರುವುದಿಲ್ಲ. ನಾನು ಎರಡನೇ ಸಲ ಬರೆದದ್ದರ ಸಾರ ಹೀಗಿತ್ತು:

"ಮಾರ್ಚ್ 7ರಂದು ಈ ಯುಟಿಆರ್ ಮೂಲಕ ನಿಮ್ಮ ಖಾತೆಗೆ ಬಂದ 11,830 ರೂಪಾಯಿಯನ್ನು ಮಾರ್ಚ್ 7ರ ವ್ಯಾಲ್ಯೂ ಡೇಟ್‌ನಲ್ಲೇ ನನ್ನ ಲೋನಿಗೆ ಜಮಾ ಮಾಡಿ. ಆ ನಂತರ ಹಾಕಿದ ದಂಡದ ಚಾರ್ಜುಗಳನ್ನು ವಾಪಸ್ ಮಾಡಿ. ಮಾರ್ಚ್‌ನಿಂದ ಜೂನ್‌ವರೆಗಿನ ಡಿಪಿಡಿ ತಿದ್ದಿ ಸಿಬಿಲ್‌ನಂಥ ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಕಳಿಸಿ. ತಿದ್ದಿದ ಸ್ಟೇಟ್‌ಮೆಂಟ್ ನನಗೆ ಕೊಡಿ."

ಹಿಂದಿನ ತಾರೀಖು ಹಾಕಲು ಸಿಸ್ಟಮ್ ಬಿಡುವುದಿಲ್ಲ ಅಂತ ಉತ್ತರ ಬಂತು. ಈ ಮಾತು ನಿಮಗೂ ಹೇಳುತ್ತಾರೆ, ತಯಾರಾಗಿರಿ. ನಾನು ಕಂಪನಿಯ ನೋಡಲ್ ಅಧಿಕಾರಿಗೆ ಬರೆದೆ: "ಲೆಡ್ಜರ್ ತಿದ್ದಲು ಆಗದಿದ್ದರೆ ಡಿಪಿಡಿ ತಿದ್ದುಪಡಿಯನ್ನು ಬೇರೆಯಾಗಿ ಕಳಿಸಿ, ದುಡ್ಡು ಮಾರ್ಚ್ 7ಕ್ಕೆ ನಿಮ್ಮಲ್ಲಿತ್ತು ಅಂತ ನಿಮ್ಮದೇ ಬ್ಯಾಂಕ್ ಸ್ಟೇಟ್‌ಮೆಂಟ್ ಹೇಳುತ್ತದೆ." ಅಲ್ಲಿಂದ ಕೆಲಸ ಓಡಿತು.

ಈಗ ಇನ್ನೊಂದು ಸಲ ಕಟ್ಟುವ ವಿಷಯ. ಮುಂದಿನ ಕಂತುಗಳು ಸರಿಯಾಗಿ ಹೋಗುತ್ತಿದ್ದರೆ ಬಾಕಿ ಒಂದು ಕಂತಿನಲ್ಲೇ ನಿಲ್ಲುತ್ತದೆ, ಜಾಸ್ತಿಯಾಗುವುದಿಲ್ಲ. ಅಂಥ ಕಡೆ ಎರಡನೇ ಸಲ ಕಟ್ಟಬೇಡಿ. ಕಟ್ಟಿದರೆ ಇವತ್ತಿನಿಂದ ಸೊನ್ನೆ, ಹಳೇ ಚೌಕ ಹಾಗೇ, ನನ್ನ ಜುಲೈ 22ರ ಕಥೆಯೇ. ಮೇಲಿಂದ ಮೊದಲ ದುಡ್ಡನ್ನು ವಾಪಸ್ ಕೇಳುವ ಕೆಲಸ ಬೇರೆ. ಎರಡು ಕಂತು ಕಾಣೆಯಾಗಿ 60 ದಿನ ದಾಟಿದ್ದರೆ ಮಾತ್ರ ನನ್ನ ಮಾತು ಬದಲು. 90 ದಿನ ದಾಟಿದರೆ ಲೋನ್ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ, ಅದು ಲೇಟ್‌ಗಿಂತ ಬಹಳ ಕೆಟ್ಟದ್ದು. ಆಗ ಆ್ಯಪ್‌ನಲ್ಲೇ ಆ ಲೋನಿನ ಬಾಕಿ ತೆರೆದು ಕಟ್ಟಿ, ತಕರಾರು ಉಳಿಸಿಕೊಂಡೇ ಕಟ್ಟುತ್ತಿದ್ದೇನೆ ಅಂತ ಅದೇ ದಿನ ಇಮೇಲ್ ಹಾಕಿ.

ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡಬಹುದು. ವಕೀಲರು ಬೇಡ, ಫೀಸೂ ಇಲ್ಲ. ಕ್ರೆಡಿಟ್ ಮಾಹಿತಿ ತಿದ್ದುವ ದೂರಿಗೆ ಇನ್ನೊಂದು ಹಿಡಿತ ಇದೆ. 2024ರ ಏಪ್ರಿಲ್ 26ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, 30 ದಿನದಲ್ಲಿ ಬಗೆಹರಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ತಡ ಮಾಡಿದ್ದು ಸಾಲ ಕೊಟ್ಟವರಾದರೆ ಅವರು, ಕ್ರೆಡಿಟ್ ಕಂಪನಿಯಾದರೆ ಅದು. ನಾನು ಮೊದಲ ದೂರಿಗೆ ಹೌದು ಒತ್ತಿದ್ದರಿಂದ ನನ್ನ 30 ದಿನ ಮತ್ತೆ ಮೊದಲಿಂದ ಶುರುವಾಯಿತು. ಪರಿಹಾರ ಕೇಳುವ ಮಾತೇ ಉಳಿಯಲಿಲ್ಲ.

ಸ್ಕೋರ್ ರಿಪೇರಿ ಮಾಡಿಕೊಡುತ್ತೇವೆ ಅನ್ನುವ ಏಜೆಂಟರಿಗೆ ಐದು ಪೈಸೆ ಕೊಡಬೇಡಿ. ಅವರು ಮಾಡುವುದೂ ಸಿಬಿಲ್ ಡಿಸ್ಪ್ಯೂಟ್ ಒತ್ತುವ ಕೆಲಸವೇ.

ಕೊನೆಗೆ ನನ್ನ ನಾಲ್ಕೂ ತಿಂಗಳು ಸೊನ್ನೆಯಾದವು, ಆದರೆ ಎಲ್ಲ ಕಡೆ ಒಟ್ಟಿಗೆ ಅಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಈ ನಾಲ್ಕರಲ್ಲೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತ. ತಿದ್ದುಪಡಿ ಕಳಿಸಿದ್ದೇವೆ ಅಂತ ಕಂಪನಿ ಬರೆದು ಕೊಟ್ಟ ಮೇಲೆ ನಾಲ್ಕನ್ನೂ ತೆಗೆದು ನೋಡಿದೆ. ಒಂದರಲ್ಲಿ ಮೇ ತಿಂಗಳ ಚೌಕ ಹಾಗೇ ಇತ್ತು. ಆ ಪತ್ರವನ್ನು ಲಗತ್ತಿಸಿ ಅಲ್ಲಿಗೆ ಡಿಸ್ಪ್ಯೂಟ್ ಹಾಕಿದೆ, ತಕರಾರಿಲ್ಲದೆ ಸರಿಯಾಯಿತು. ನೀವು ಸಿಬಿಲ್‌ಗೆ ಬರೆಯುವುದಾದರೆ ಈ ಪತ್ರ ಕೈಗೆ ಬಂದ ಮೇಲೆ ಬರೆಯಿರಿ.