ರೀಸೆಟ್ ಮಾಡಿದರೂ ಹಳೇ ವೈಫೈ ಹೆಸರೇ ಬರುತ್ತಿದೆ

ಪ್ರಶ್ನೆ: ನಾವು ಕಾರವಾರದ ಕೋಡಿಬಾಗದಲ್ಲಿದ್ದೇವೆ. ಯಜಮಾನರಿಗೆ ವರ್ಗವಾಗಿದೆ, ಬಾಡಿಗೆ ಮನೆ ಬಿಡುತ್ತಿದ್ದೇವೆ. ಫೈಬರ್ ಕನೆಕ್ಷನ್ ಕೊಟ್ಟವರು ರೌಟರ್ ವಾಪಸ್ ಕೇಳಿದ್ದಾರೆ. ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ರೀಸೆಟ್ ಮಾಡಿದೆ. ಐದು ನಿಮಿಷ ಬಿಟ್ಟು ನೋಡಿದರೆ ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡ್ ಎರಡೂ ಹಾಗೇ ಇವೆ! ಏನೂ ಅಳಿಸಿಲ್ವಾ?

ಉತ್ತರ: ಇದಕ್ಕೆ ಎರಡು ಕಾರಣ ಇರಬಹುದು. ಪಿನ್ ಒತ್ತಿ ಬೇಗ ಬಿಟ್ಟಿದ್ದರೆ ಎಷ್ಟೋ ರೌಟರುಗಳು ಸುಮ್ನೆ ಆಫ್ ಆಗಿ ಆನ್ ಆಗುತ್ತವೆ, ಏನೂ ಅಳಿಸುವುದಿಲ್ಲ. ಆದರೆ ನಿಮ್ಮ ವಿಷಯದಲ್ಲಿ ನನಗೆ ಎರಡನೆಯದರ ಮೇಲೇ ಅನುಮಾನ ಜಾಸ್ತಿ. ರೀಸೆಟ್ ಮಾಡುವಾಗ ಫೈಬರ್ ತಂತಿ ಚುಚ್ಚಿಯೇ ಇತ್ತು, ಅಲ್ವಾ?

ಕಂಪನಿ ಕೊಟ್ಟ ರೌಟರ್ ಆನ್ ಆದ ಕೂಡಲೇ ಕಂಪನಿಯ ಸರ್ವರ್ ಜೊತೆ ಮಾತಾಡುತ್ತದೆ. ರೌಟರಿನ ಪುಟದಲ್ಲಿ ಇದು TR-069 ಎಂಬ ಹೆಸರಲ್ಲಿ ಕಾಣುತ್ತದೆ. ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್, ಕನೆಕ್ಷನ್ನಿನ ಲಾಗಿನ್ ಅಲ್ಲಿ ಉಳಿದಿದ್ದರೆ, ಖಾಲಿಯಾದ ರೌಟರಿಗೆ ಅವೇ ಮತ್ತೆ ಇಳಿಯುತ್ತವೆ. ಅಂದರೆ ರೌಟರ್ ಅಳಿಸಿತ್ತು, ಸರ್ವರ್ ತಿರುಗಿ ತುಂಬಿತು.

ಹಾಗಾಗಿ ಮೊದಲು ಕಂಪನಿಯ ಆ್ಯಪ್‌ನಲ್ಲಿ ವೈಫೈ ಹೆಸರು ಮತ್ತು ಪಾಸ್‌ವರ್ಡ್ ಬದಲಿಸಿ, ಏನೋ ಒಂದು ಅರ್ಥವಿಲ್ಲದ್ದು ಕೊಡಿ. ಆಗ ಸರ್ವರಿನಲ್ಲಿರುವ ಪ್ರತಿಯೂ ಬದಲಾಗುತ್ತದೆ. ಆಮೇಲೆ ಫೈಬರ್ ತಂತಿ ಕಳಚಿ. ಅದರ ತುದಿಯನ್ನು ಕಣ್ಣಿನ ಹತ್ತಿರ ತರಬೇಡಿ, ಬೆಳಕು ಕಾಣದಿದ್ದರೂ ಲೇಸರ್ ಇರುತ್ತದೆ. ಕರೆಂಟ್ ಮಾತ್ರ ಇರಲಿ. ಸಿಮ್ ತೆಗೆಯುವ ಪಿನ್ನಿನಿಂದ ರೀಸೆಟ್ ಗುಂಡಿಯನ್ನು 15 ಸೆಕೆಂಡ್ ಒತ್ತಿ ಹಿಡಿಯಿರಿ. ದೀಪಗಳೆಲ್ಲ ಒಮ್ಮೆ ಆರಿ ಮತ್ತೆ ಹತ್ತಬೇಕು. ಮೂರು ನಿಮಿಷ ಮುಟ್ಟಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ನಡುವೆ ಹೋದರೆ ಮೊದಲಿನಿಂದ ಮಾಡಿ.

ಈಗ ಫೋನಿನಲ್ಲಿ ವೈಫೈ ಹುಡುಕಿ. ರೌಟರಿನ ತಳದ ಚೀಟಿಯಲ್ಲಿರುವ ಹೆಸರು ಕಾಣಬೇಕು, ಚೀಟಿಯ ಪಾಸ್‌ವರ್ಡಿಗೇ ಸೇರಬೇಕು. ಸೇರಿದ ಮೇಲೆ ಬ್ರೌಸರಿನಲ್ಲಿ `192.168.1.1` ತೆರೆಯಿರಿ (ಬೇರೆ ವಿಳಾಸವಿದ್ದರೆ ಅದೂ ಚೀಟಿಯಲ್ಲೇ ಇರುತ್ತದೆ). WAN ಪುಟದಲ್ಲಿ ನಿಮ್ಮ ಲಾಗಿನ್ ಹೆಸರು ಇರಬಾರದು. ಕೆಲವೆಡೆ ಅದು ನಿಮ್ಮ ಫೋನ್ ನಂಬರೇ ಆಗಿರುತ್ತದೆ, ಅದಕ್ಕೇ ಹೇಳಿದೆ. System Log ಪುಟ ಇದ್ದರೆ, ಈಗಷ್ಟೇ ಆನ್ ಆದ ನಂತರದ ಕೆಲವು ಸಾಲು ಮಾತ್ರ ಇರಬೇಕು. ತಾರೀಕು 1970 ಎಂದಿದ್ದರೆ ಗಾಬರಿ ಬೇಡ. ಇಂಟರ್ನೆಟ್ ಇಲ್ಲದೆ ಅದಕ್ಕೆ ಸಮಯ ತಿಳಿಯುವುದಿಲ್ಲ, ಅಷ್ಟೇ.

ಎಲ್ಲ ಸರಿ ಇದ್ದರೆ ಸ್ವಿಚ್ ಆಫ್ ಮಾಡಿ, ಫೈಬರ್ ಮತ್ತೆ ಚುಚ್ಚಬೇಡಿ. ಯುಎಸ್‌ಬಿ ಪೆನ್‌ಡ್ರೈವ್ ಸಿಕ್ಕಿಸಿದ್ದರೆ ತೆಗೆದುಕೊಳ್ಳಿ, ಅದರಲ್ಲಿರುವುದು ರೀಸೆಟ್‌ನಿಂದ ಅಳಿಯುವುದಿಲ್ಲ. ನೀವು ಯಾವ ಸೈಟ್ ನೋಡಿದಿರಿ ಎಂದು ಕಂಪನಿಯ ಕಡೆ ದಾಖಲಾಗಿದ್ದರೆ ಅದೂ ರೀಸೆಟ್‌ನಿಂದ ಹೋಗುವುದಿಲ್ಲ. ಹೊಸ ಮನೆಯಲ್ಲಿ ಹಳೇ ಪಾಸ್‌ವರ್ಡ್ ಇಡಬೇಡಿ. ಅದನ್ನು ನೆಂಟರಿಗೆ, ಪಕ್ಕದ ಮನೆಯವರಿಗೆ ಎಷ್ಟು ಸಲ ಹೇಳಿದ್ದೀರೋ ಏನೋ.

ಅಡಾಪ್ಟರನ್ನೂ ಜೊತೆಗೆ ಕೊಡಿ, ರೌಟರಿನ ಸೀರಿಯಲ್ ನಂಬರ್ ಬರೆದ ರಸೀದಿ ಕೇಳಿ ಪಡೆಯಿರಿ.