ಭಟ್ಟಿಯ ಮಗಳಿಗೆ

"ಸಂಪಾದಕರಿಗೆ ನಮಸ್ಕಾರ. ನಮ್ಮಪ್ಪ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದರು. ಆ ನೆನಪುಗಳನ್ನು ಒಂಬತ್ತು ಪುಟ ಬರೆದು ಕಳಿಸಿದ್ದೇನೆ. ಕಳಿಸಿದ ಮೇಲೆ ನಾಚಿಕೆ ಆಗ್ತಿದೆ. ನಾವೇನು ದೊಡ್ಡ ಮನುಷ್ಯರೇ? ನಮ್ಮನೆ ಗೋಳು ಊರಿಗೆಲ್ಲ ಯಾಕೆ ಅನ್ನಿಸುತ್ತದೆ. ನೇರವಾಗಿ ಹೇಳಿ."

ನಮಸ್ಕಾರ. ನೇರವಾಗಿಯೇ ಹೇಳುತ್ತೇನೆ, ಈ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಮೊದಲ ಎರಡು ಪುಟ ನೀವು ಕ್ಷಮೆ ಕೇಳುವುದರಲ್ಲೇ ಕಳೆದಿದ್ದೀರಿ. ಅವೆರಡನ್ನೂ ತೆಗೆದುಹಾಕಿ.

"ಅಪ್ಪ ಹಗಲಿರುಳು ದುಡಿದರು, ನೆನೆದರೆ ಕಣ್ಣು ತುಂಬುತ್ತದೆ" ಎಂದು ಮೂರು ಕಡೆ ಬರೆದಿದ್ದೀರಿ. ಆ ಅಪ್ಪನ ಜಾಗದಲ್ಲಿ ಲಾರಿ ಡ್ರೈವರನ್ನೋ ಬಡಗಿಯನ್ನೋ ಕೂರಿಸಿದರೂ ವಾಕ್ಯ ಹಾಗೇ ನಿಲ್ಲುತ್ತದೆ. ಅಂದಮೇಲೆ ಅಲ್ಲಿ ನಿಮ್ಮಪ್ಪ ಇಲ್ಲ, ಇರುವುದು ನಿಮ್ಮ ಕಣ್ಣೀರು ಮಾತ್ರ. ನಾಲ್ಕನೇ ಪುಟದಲ್ಲಿ ಅವರು ನಿಜವಾಗಿ ಬರುತ್ತಾರೆ: ಉಪ್ಪುನೀರು ಹಚ್ಚಿದ ಅಕ್ಕಿಯನ್ನು ಕಾದ ಮರಳಿಗೆ ಸುರಿಯುವ ಮುಂಚೆ ನಾಲ್ಕು ಕಾಳು ಎಸೆದು ನೋಡುತ್ತಾರೆ, ಕಾಳು ಅರಳಿದ ಬಗೆಯಲ್ಲೇ ಉರಿ ಹೆಚ್ಚಾಯಿತೋ ಕಮ್ಮಿಯಾಯಿತೋ ತಿಳಿದುಕೊಳ್ಳುತ್ತಾರೆ. ಅರಳಿದ ಕೂಡಲೇ ಜರಡಿಗೆ ಎತ್ತದಿದ್ದರೆ ಮಂಡಕ್ಕಿ ಕೆಂಪಗಾಗಿಬಿಡುತ್ತದೆ. ದಾವಣಗೆರೆಯ ಹತ್ತಿ ಗಿರಣಿಗಳ ಬಗ್ಗೆ ಹುಡುಕಿದರೆ ಎಷ್ಟೋ ದಾಖಲೆ ಸಿಗುತ್ತದೆ. ನಾಲ್ಕು ಕಾಳು ಎಸೆದು ಉರಿ ಅಳೆಯುವವರ ಲೆಕ್ಕ ಯಾವ ಕಡತದಲ್ಲೂ ಇಲ್ಲ, ಅದು ನಿಮ್ಮಂಥವರ ಮನೆಯಲ್ಲಷ್ಟೇ ಇದೆ.

ನಿಮ್ಮ ಭಯಕ್ಕೆ ಕಾರಣ ಇಲ್ಲವೆಂದಲ್ಲ. ಆದರೆ ಅದು ಕಾವಲು ಕೂತಿರುವುದು ತಪ್ಪು ಬಾಗಿಲಲ್ಲಿ. ಭತ್ತ ನೆನೆಹಾಕಿದ ನೀರಿನ ಹುಳಿ ವಾಸನೆ ಯೂನಿಫಾರ್ಮಿಗೆ ಹತ್ತಿತ್ತು, ಅದಕ್ಕೇ "ನಮ್ಮಪ್ಪ ಗಿರಣಿಯಲ್ಲಿ ಗುಮಾಸ್ತ" ಎಂದು ಗೆಳತಿಯರಿಗೆ ಸುಳ್ಳು ಹೇಳಿದೆ ಎನ್ನುತ್ತೀರಿ. ಇಷ್ಟು ದೊಡ್ಡ ಸಂಗತಿಗೆ ಒಂದೇ ಸಾಲು! ಆಮೇಲೆ ಚಿಕ್ಕಪ್ಪ ಭಟ್ಟಿಯ ಪಾಲು ಕೇಳಿದ್ದಕ್ಕೆ ಎರಡೂವರೆ ಪುಟ. ಅಲ್ಲಿ ಅವರ ಮಾತು ಒಂದೂ ಇಲ್ಲ, ಬರೀ ನಿಮ್ಮ ತೀರ್ಪು. ಗೋಳು ಎಂದು ನೀವು ಹೆದರಿದ್ದೀರಲ್ಲ, ಅದು ಇದೇ. ನೀವು ಚೆನ್ನಾಗಿ ಕಾಣದ ಜಾಗದಲ್ಲಿ ಓಡಿಹೋಗಿದ್ದೀರಿ, ನಿಮಗೆ ಅನ್ಯಾಯವಾದ ಜಾಗದಲ್ಲಿ ಚಾಪೆ ಹಾಸಿ ಕೂತಿದ್ದೀರಿ. (ನನ್ನ ಮೊದಲ ಬರಹದಲ್ಲಿ ನಾನೂ ಇದನ್ನೇ ಮಾಡಿದ್ದೆ, ಅದು ಅಚ್ಚಾಯಿತು ಬೇರೆ.)

ಸುಳ್ಳು ಹೇಳಿದ ಆ ದಿನವನ್ನು ಪೂರ್ತಿ ಬರೆಯಿರಿ. ಯಾರು ಕೇಳಿದರು, ಎಲ್ಲಿ ನಿಂತಿದ್ದಿರಿ, ಸಂಜೆ ಭಟ್ಟಿಯ ಮುಂದೆ ಹಾದು ಹೋಗುವಾಗ ಅಪ್ಪನ ಕಡೆ ನೋಡಿದಿರಾ? ಚಿಕ್ಕಪ್ಪನ ಜಗಳ ನಾಲ್ಕು ಸಾಲಿರಲಿ, ಅದೂ ಅವರು ಆಡಿದ ಮಾತಿನ ಸಮೇತ. ಅವರು ಓದಿದರೆ "ಹೌದು, ಹೀಗೇ ಅಂದಿದ್ದೆ" ಎನ್ನುವಂತಿರಬೇಕು.

ಇನ್ನೊಂದು. ಅಕ್ಕಿಗೆ ಉಪ್ಪುನೀರು ಎಷ್ಟು ಹಾಕುತ್ತಿದ್ದರು ಎನ್ನುವಲ್ಲಿ "ಸ್ವಲ್ಪ" ಎಂದು ಬರೆದಿದ್ದೀರಿ. ಅಪ್ಪ ಈಗ ನಿಮ್ಮ ಜೊತೆಗೇ ಇದ್ದಾರೆ ಎಂದು ಕೊನೆಯ ಪುಟದಲ್ಲಿದೆ. ಕೇಳಿ, ಅವರು ಹೇಳಿದ ಅಳತೆಯಲ್ಲೇ ಬರೆದುಕೊಳ್ಳಿ. ಐದು ಪುಟ ಸಾಕು, ಮುಂದಿನ ತಿಂಗಳು ಕಳಿಸಿ.