ಹೆಸರಲ್ಲೇ ಒಂದು ಗಂಟು ಇರಲಿ

ಓದುಗರ ಪತ್ರ: ನಮಸ್ಕಾರ. ನಮ್ಮದು ಸಕಲೇಶಪುರದ ಹತ್ತಿರ ತೋಟದ ಮನೆ. ಮಗಳಿಗೆ ನಾಲ್ಕು ವರ್ಷ. ಏಳೆಂಟು ಬೊಂಬೆ ಇವೆ. ಕರಡಿ, ಆನೆ, ಮೊಲ, ನಮ್ಮತ್ತೆ ಹಳೇ ಸೀರೆಯಲ್ಲಿ ಹೊಲಿದುಕೊಟ್ಟ ಒಂದು ಬಟ್ಟೆ ಬೊಂಬೆ, ಹೀಗೆ. ಕರಡಿಗಳೆಲ್ಲ ಟೆಡ್ಡಿ, ಉಳಿದಿದ್ದೆಲ್ಲ ಪಿಂಕಿ. ರಾತ್ರಿ ಇವುಗಳ ಕಥೆ ಹೇಳು ಅಂತಾಳೆ, ಎರಡು ಮಾತಿಗೆ ಮುಗಿದುಹೋಗತ್ತೆ. ಟೀವಿ ಹೀರೋಗಳ ಹೆಸರಿಟ್ಟು ನೋಡಿದೆ, ‘ಹಾಗಲ್ಲ ಅಮ್ಮ’ ಅಂತ ನನ್ನನ್ನೇ ತಿದ್ದುತ್ತಾಳೆ. ಕೃಷ್ಣ, ಗಣೇಶ ಅಂತ ಇಡೋಣ ಅಂದ್ರೆ ಅತ್ತೆ ಬೇಡ ಅಂತಾರೆ. ಇನ್ನೊಂದು ಹಳೇ ನಾಯಿ ಬೊಂಬೆ ಇದೆ, ಅದಿಲ್ಲದೆ ಮಲಗಲ್ಲ, ಅದನ್ನ ‘ಆಯಿ’ ಅಂತ ಕರೀತಾಳೆ. ಅದಕ್ಕೂ ಒಳ್ಳೆ ಹೆಸರು ಇಡಬೇಕಾ? ಎಂಥ ಹೆಸರಿಟ್ಟರೆ ಕಥೆ ತಾನಾಗಿ ಬರತ್ತೆ, ಸ್ವಲ್ಪ ಹೇಳಿ.
– ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಸಂಪಾದಕರ ಉತ್ತರ: ಮೊದಲು ಆಯಿ ವಿಷಯ ಮುಗಿಸಿಬಿಡೋಣ. ದಯವಿಟ್ಟು ಅದರ ಹೆಸರು ಮುಟ್ಟಬೇಡಿ. ಮಗು ಬಿಟ್ಟಿರಲಾರದ ಇಂಥ ಬೊಂಬೆ ಅಥವಾ ಬಟ್ಟೆ ತುಂಡಿನ ಬಗ್ಗೆ ಡೊನಾಲ್ಡ್ ವಿನಿಕಾಟ್ ಎಂಬ ಇಂಗ್ಲೆಂಡಿನ ಮಕ್ಕಳ ವೈದ್ಯರು 1951ರಷ್ಟು ಹಿಂದೆಯೇ ವಿವರವಾಗಿ ಹೇಳಿದ್ದಾರೆ. ಅಂಥ ವಸ್ತುವಿಗೆ ಮಗು ಇಡುವ ಹೆಸರಲ್ಲಿ ಸಾಮಾನ್ಯವಾಗಿ ದೊಡ್ಡವರ ಮಾತಿನ ಒಂದು ಚೂರು ಸೇರಿಕೊಂಡಿರುತ್ತದೆ ಎಂದು ಅವರು ಗಮನಿಸಿದ್ದರು. ನಿಮ್ಮ ಮಗಳ ‘ಆಯಿ’ಯೊಳಗೆ ‘ನಾಯಿ’ ಇದೆಯಲ್ಲ, ಹಾಗೆ. ಅದರಲ್ಲಿ ಏನೇ ಬದಲಾವಣೆ ಆಗಬೇಕಿದ್ದರೂ ಅದು ಮಗುವಿನಿಂದಲೇ ಬರಬೇಕು ಅನ್ನುವುದೂ ಅವರ ಮಾತೇ. ಅದಕ್ಕೇ ನನ್ನ ಸಲಹೆ ಇಷ್ಟು: ಆಯಿಯನ್ನು ಕಥೆಯೊಳಗೆ ಎಳೆಯಬೇಡಿ. ಅದು ಕಾಡಲ್ಲಿ ಕಳೆದುಹೋಯಿತು, ಹೊಳೆಗೆ ಬಿತ್ತು ಎಂದೆಲ್ಲ ಹೇಳಿದರೆ ಮಗುವಿಗೆ ನಿದ್ದೆ ಬರುವುದಿಲ್ಲ. ಆಯಿ ಅವಳ ಪಕ್ಕ ಮಲಗಿ ಕಥೆ ಕೇಳಲಿ, ಸಾಕು.

ಈಗ ಉಳಿದವರ ಕಡೆ ಬರೋಣ.

ಎರಡು ಮಾತಿಗೆ ಕಥೆ ಮುಗಿದುಹೋಗುವುದು ನಿಮಗೆ ಕಥೆ ಹೇಳಲು ಬರುವುದಿಲ್ಲ ಅಂತಲ್ಲ. ಪಿಂಕಿ ಅನ್ನುವ ಹೆಸರಲ್ಲಿ ಬಣ್ಣ ಬಿಟ್ಟರೆ ಬೇರೇನೂ ಇಲ್ಲ. ‘ಪಿಂಕಿ ಎದ್ದಳು, ಪಿಂಕಿ ತಿಂಡಿ ತಿಂದಳು’ ಆದ ಮೇಲೆ ಅವಳು ಎಲ್ಲಿಗೆ ಹೋಗಬೇಕು? ಟೀವಿ ಹೆಸರಿನ ತೊಂದರೆ ಇದಕ್ಕೆ ಉಲ್ಟಾ, ಅಲ್ಲಿ ಎಲ್ಲವೂ ಮೊದಲೇ ತುಂಬಿಬಿಟ್ಟಿದೆ. ಅವನ ಶಕ್ತಿ ಏನು, ಶತ್ರು ಯಾರು, ಕೊನೆಗೆ ಗೆಲ್ಲೋದು ಯಾರು, ಎಲ್ಲಾ ಮಗುವಿಗೆ ಗೊತ್ತು. ನೀವು ಒಂದು ಚೂರು ಆಚೀಚೆ ಹೋದರೂ ಅವಳಿಗೆ ತಪ್ಪು ಕಾಣುತ್ತದೆ. ನಮಗೆ ಬೇಕಾಗಿರುವುದು ನಡುವಿನ ಹೆಸರು, ಬೊಂಬೆಯ ಬಗ್ಗೆ ಒಂದೇ ಒಂದು ವಿಷಯ ಹೇಳಿ ಉಳಿದಿದ್ದನ್ನು ಹೇಳದೇ ಬಿಡುವಂಥದ್ದು. ಅದನ್ನು ಕೇಳಿದ ತಕ್ಷಣ ಮಗುವಿಗೆ ಒಂದು ಪ್ರಶ್ನೆ ಹುಟ್ಟಬೇಕು.

ನಿಮ್ಮತ್ತೆ ಹೊಲಿದ ಬಟ್ಟೆ ಬೊಂಬೆಯನ್ನೇ ತಗೊಳ್ಳಿ. ನಮ್ಮ ಕಡೆ ಅಜ್ಜಿಯರು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಓಡಾಡುತ್ತಾರಲ್ವಾ, ಅದರಲ್ಲಿ ಚಿಲ್ಲರೆ, ಬೀರುವಿನ ಕೀ, ಒಂದೆರಡು ಅಡಿಕೆ ಚೂರು. ಆ ಬೊಂಬೆಯ ಸೀರೆ ತುದಿಗೂ ಒಂದು ಪುಟ್ಟ ಗಂಟು ಹಾಕಿ ‘ಗಂಟಜ್ಜಿ’ ಅಂತ ಕರೆದು ನೋಡಿ. ಹೆಸರು ಕೇಳುತ್ತಲೇ ಗಂಟಲ್ಲಿ ಏನಿದೆ ಎಂಬ ಪ್ರಶ್ನೆ ಬಂದುಬಿಡುತ್ತದೆ. ಅದಕ್ಕೆ ದಿನಾ ಬೇರೆ ಉತ್ತರ ಇರಬಹುದು, ಹಾಗಾಗಿ ದಿನಾ ಬೇರೆ ಕಥೆ. ಗಂಟಿನೊಳಗೆ ನಿಜವಾಗಿ ಏನೂ ಇಡಬೇಡಿ ಮಾತ್ರ. ಕಾಫಿ ಬೀಜ, ಗುಂಡಿ, ಮಣಿ ಇಂಥವು ಮೂಗಿಗೋ ಗಂಟಲಿಗೋ ಹೋಗಿ ಸಿಕ್ಕಿಕೊಳ್ಳುತ್ತವೆ, ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರಂತೂ ಬೇಡವೇ ಬೇಡ. ಗಂಟು ಖಾಲಿ ಇದ್ದರೇ ಏನು ಬೇಕಾದರೂ ಇರಬಹುದು.

ರಾತ್ರಿ ಹೇಗೆ ನಡೆಯುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ದೀಪ ಸಣ್ಣ ಮಾಡಿ, ಬೊಂಬೆಯನ್ನು ಮಗಳ ಕೈಯಲ್ಲೇ ಕೊಡಿ. ‘ಗಂಟಜ್ಜಿ ಇವತ್ತು ಎಲ್ಲಿಗೆ ಹೋಗಿದ್ರಂತೆ?’ ಎಂದು ಕೇಳಿ. ಅವಳು ‘ತೋಟಕ್ಕೆ’ ಅನ್ನುತ್ತಾಳೆ ಅಂದುಕೊಳ್ಳಿ. ‘ಬರುವಾಗ ಗಂಟಲ್ಲಿ ಏನು ಕಟ್ಕೊಂಡು ಬಂದ್ರು?’ ಅವಳು ‘ಮಳೆ’ ಅನ್ನುತ್ತಾಳೆ. ಇಲ್ಲೇ ಎಷ್ಟೋ ಜನ ಅಪ್ಪ ಅಮ್ಮ ‘ಮಳೇನ ಕಟ್ಟೋಕಾಗಲ್ಲ ಪುಟ್ಟ’ ಅಂದು ಕಥೆಯನ್ನು ಅಲ್ಲೇ ನಿಲ್ಲಿಸಿಬಿಡುತ್ತಾರೆ. ನೀವು ಒಪ್ಪಿಕೊಳ್ಳಿ. ಅಜ್ಜಿ ಮಳೆ ಕಟ್ಟಿಕೊಂಡು ಬಂದಿದ್ದಾರೆ, ಆಯ್ತು. ಈಗ ಊರಲ್ಲಿ ಏನಾಗುತ್ತದೆ? ಮಾರ್ಚ್ ಮುಗೀತಾ ಬಂತು, ಹೂಮಳೆ ಇಲ್ಲ, ಎಲ್ಲರೂ ಆಕಾಶ ನೋಡುತ್ತಾ ನಿಂತಿದ್ದಾರೆ. ಮಳೆ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ, ನಿಮ್ಮ ಮಗಳಿಗೆ ಮಾತ್ರ ಗೊತ್ತು. ಅಜ್ಜಿ ಯಾಕೆ ಕಟ್ಟಿಕೊಂಡರು ಅಂತ ಅವಳನ್ನೇ ಕೇಳಿ. ‘ಬಟ್ಟೆ ಒಣಗಬೇಕಿತ್ತು’ ಅನ್ನಬಹುದು, ತೋಟದ ಮನೆಯ ಮಗು ಅಲ್ವಾ. ಕೊನೆಗೆ ಅಜ್ಜಿ ಗಂಟು ಸ್ವಲ್ಪ ಸಡಿಲ ಮಾಡುತ್ತಾರೆ, ಹಂಚಿನ ಮೇಲೆ ಟಪ್ ಟಪ್ ಸದ್ದು, ಎಲ್ಲರೂ ಮಲಗುತ್ತಾರೆ. ಮಾರನೇ ದಿನಕ್ಕೂ ದಾರಿ ಸಿಕ್ಕಿತು. ಹೂಮಳೆ ಬಿದ್ದ ಮೇಲೆ ಕಾಫಿ ಹೂ ಅರಳುವುದಕ್ಕೆ ಎಂಟು ಹತ್ತು ದಿನ ಬೇಕು, ನಿಮಗೆ ಗೊತ್ತಿರುವುದೇ. ಅಷ್ಟು ದಿನ ಅಜ್ಜಿ ದಿನಾ ಹೋಗಿ ಮೊಗ್ಗು ನೋಡಿ ಬರಬಹುದು.

ಈ ಕಥೆಯಲ್ಲಿ ನೀವು ಹೇಳಿದ್ದು ಕಡಿಮೆ, ಕೇಳಿದ್ದು ಜಾಸ್ತಿ. ದಿನವಿಡೀ ಕೆಲಸ ಮಾಡಿ ಸುಸ್ತಾದ ಅಮ್ಮನಿಂದ ಇದಕ್ಕಿಂತ ಹೆಚ್ಚು ಆಗುವುದೂ ಇಲ್ಲ.

ಆನೆ ಬೊಂಬೆಗೆ ಹೆಸರಿಡುವಾಗ ಮಾತ್ರ ಸ್ವಲ್ಪ ಯೋಚಿಸಿ. ಆನೆ ಬಂದಿದೆ ಅಂತ ಫೋನಿಗೆ ಮೆಸೇಜು ಬರುವ ಜಾಗ ನಿಮ್ಮದು. ಬೆಂಗಳೂರಿನ ಮಗುವಿಗೆ ಆನೆ ಅಂದರೆ ಮುದ್ದು. ನಿಮ್ಮ ಮಗಳು ಆನೆ ಅಂದ ಕೂಡಲೇ ದೊಡ್ಡವರು ಬಾಗಿಲು ಹಾಕುವುದನ್ನು ನೋಡಿರುತ್ತಾಳೆ. ಹಾಗಾಗಿ ಗಜರಾಜ, ಬಲಭೀಮ, ಒಂಟಿ ಸಲಗ ಅನ್ನುವಂಥ ಜೋರು ಹೆಸರು ಮಲಗುವ ಹೊತ್ತಿಗೆ ಬೇಡ. ನನಗಾದರೆ ‘ದಾರಿತಪ್ಪಯ್ಯ’ ಇಷ್ಟ. ಇವನು ಯಾರನ್ನೂ ಹೆದರಿಸಲು ಬಂದವನಲ್ಲ, ಎಲ್ಲಿಗೋ ಹೊರಟಿದ್ದ, ದಾರಿ ತಪ್ಪಿದೆ. ಇವತ್ತು ಎಲ್ಲಿಗೆ ಬಂದು ನಿಂತ? ಹೇಮಾವತಿ ಹೊಳೆ ದಡಕ್ಕಾ, ಮಂಜ್ರಾಬಾದ್ ಕೋಟೆಗಾ? ಆ ಕೋಟೆ ನಕ್ಷತ್ರದ ಆಕಾರದಲ್ಲಿದೆ, ಒಳಗೆ ಹೋದವನಿಗೆ ಎಲ್ಲಾ ಮೂಲೆಯೂ ಒಂದೇ ಥರ ಕಾಣುತ್ತದೆ, ಪಾಪ. ಅವನಿಗೆ ದಾರಿ ತೋರಿಸುವ ಕೆಲಸ ನಿಮ್ಮ ಮಗಳದ್ದು. ಆನೆಯ ಭಯ ನಿಜವಾದದ್ದೇ, ಹಗಲು ಹೊತ್ತು ಅದರ ಬಗ್ಗೆ ಎಚ್ಚರಿಕೆ ಹೇಳಲೇಬೇಕು, ಕಾಡಾನೆ ಬೇರೆ, ಬೊಂಬೆ ಬೇರೆ ಅಂತಲೂ ಹೇಳಿ. ಆದರೂ ಅವಳು ಆ ಬೊಂಬೆಯನ್ನು ಹಾಸಿಗೆಯಿಂದ ಕೆಳಗೆ ತಳ್ಳುತ್ತಿದ್ದರೆ, ಸುಮ್ನೆ ಒಂದಷ್ಟು ತಿಂಗಳು ಅದನ್ನು ಕಪಾಟಿನಲ್ಲಿಡಿ.

ನಾಲ್ಕು ವರ್ಷದ ಬಾಯಿಗೆ ‘ದಾರಿತಪ್ಪಯ್ಯ’ ಉದ್ದ ಆಯ್ತು. ‘ರ’ ಆ ವಯಸ್ಸಿನ ಎಷ್ಟೋ ಮಕ್ಕಳಿಗೆ ಇನ್ನೂ ಸರಿಯಾಗಿ ತಿರುಗುವುದಿಲ್ಲ. ಅವಳು ‘ತಪ್ಪಯ್ಯ’ ಅಂದರೆ ಅದೇ ಕರೆಯುವ ಹೆಸರಾಗಲಿ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಶಾಲೆಯಲ್ಲಿ ಒಂದು ಹೆಸರು, ಮನೆಯಲ್ಲಿ ಒಂದು ಹೆಸರು ಇರುತ್ತದಲ್ಲ. ಕಥೆ ಶುರು ಮಾಡುವಾಗ ಪೂರ್ತಿ ಹೆಸರು ಹೇಳಿ, ಆಮೇಲೆ ತಪ್ಪಯ್ಯ ಅನ್ನಿ. ಪೂರ್ತಿ ಹೆಸರು ಕೇಳಿದರೆ ಕಥೆ ಶುರುವಾಯಿತು ಅಂತ ಅವಳಿಗೆ ಬೇಗ ಗೊತ್ತಾಗುತ್ತದೆ.

ಮೊಲಕ್ಕೆ ‘ನಾಳೆಪುಟ್ಟ’. ಎಲ್ಲವನ್ನೂ ನಾಳೆಗೆ ಹಾಕುವವನು. ಕಥೆ ಮುಗಿಸಲು ಅವನು ತುಂಬಾ ಬೇಕಾಗುತ್ತಾನೆ. ಇನ್ನೊಂದು, ಇನ್ನೊಂದು ಅಂತ ಹಠ ಶುರುವಾದಾಗ ‘ಸಾಕು, ಮಲಗು’ ಅನ್ನುವುದು ನೀವಾಗಬೇಕಿಲ್ಲ, ‘ಮಿಕ್ಕಿದ್ದು ನಾಳೆ’ ಅಂತ ನಾಳೆಪುಟ್ಟನೇ ಹೇಳಿ ಮುಸುಕು ಹಾಕಿಕೊಳ್ಳುತ್ತಾನೆ.

ಈ ಮೂರೇ ಸಾಕು ಸದ್ಯಕ್ಕೆ. ಏಳೆಂಟು ಬೊಂಬೆಗೂ ಒಂದೇ ಸಲ ನಾಮಕರಣ ಮಾಡಿದರೆ ಯಾರು ಯಾರೆಂಬುದೇ ಅವಳಿಗೂ ನಿಮಗೂ ನೆನಪಿರುವುದಿಲ್ಲ. ಕರಡಿಗಳು ಟೆಡ್ಡಿಗಳಾಗಿಯೇ ಇರಲಿ, ಬೇಕಾದಾಗ ನೆಂಟರಾಗಿ ಬರಲಿ. ಅಂದಹಾಗೆ ಟೆಡ್ಡಿ ಅನ್ನುವ ಹೆಸರು ಹುಟ್ಟಿದ್ದೂ ಒಂದು ಕಥೆಯಿಂದಲೇ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬೇಟೆಗೆ ಹೋಗಿದ್ದಾಗ, ಜೊತೆಯವರು ಕರಡಿಯೊಂದನ್ನು ಹಿಡಿದು ಮರಕ್ಕೆ ಕಟ್ಟಿಹಾಕಿ ಗುಂಡು ಹೊಡೆಯಿರಿ ಅಂದರು, ಕಟ್ಟಿಹಾಕಿದ ಪ್ರಾಣಿಯನ್ನು ಹೊಡೆಯಲ್ಲ ಅಂದರು ಅವರು. ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬಂತು, ಬ್ರೂಕ್ಲಿನ್‌ನ ಅಂಗಡಿಯ ದಂಪತಿ ಬಟ್ಟೆಯಲ್ಲಿ ಕರಡಿ ಹೊಲಿದು ಅಧ್ಯಕ್ಷರ ಅಡ್ಡಹೆಸರನ್ನೇ ಇಟ್ಟು ಮಾರಿದರು. ಆಗ ಆ ಹೆಸರು ಕೇಳಿದವರಿಗೆ ಇಡೀ ಘಟನೆ ಕಣ್ಣಮುಂದೆ ಬರುತ್ತಿತ್ತು. ಈಗ ಅಂಗಡಿಯಲ್ಲಿ ಅದು ಬರೀ ಬೊಂಬೆಯ ಜಾತಿ.

ದೇವರ ಹೆಸರಿನ ವಿಷಯದಲ್ಲಿ ನಾನು ನಿಮ್ಮತ್ತೆ ಕಡೆ. ಬೊಂಬೆ ಕಾಲಿಗೆ ಸಿಗುತ್ತದೆ, ಮಂಚದ ಕೆಳಗೆ ಧೂಳಲ್ಲಿ ಬಿದ್ದಿರುತ್ತದೆ, ಬಟ್ಟೆ ಒಗೆಯುವ ಮೆಷಿನ್ನಿಗೆ ಹೋಗುತ್ತದೆ, ಅವರಿಗೆ ಕಸಿವಿಸಿ ಆಗುವುದು ಸಹಜ. ಅದಕ್ಕಿಂತ ಹೆಚ್ಚಾಗಿ, ಗಣೇಶನ ಕಥೆಯೂ ಟೀವಿ ಹೀರೋ ಕಥೆಯ ಹಾಗೆ ಮೊದಲೇ ಪೂರ್ತಿಯಾಗಿದೆ, ಅವನನ್ನು ದಾರಿ ತಪ್ಪಿಸಲು ನಿಮಗೂ ಮನಸ್ಸು ಬರುವುದಿಲ್ಲ. ‘ಜಾಣ’, ‘ಸತ್ಯವಂತ’ ಥರದ ಹೆಸರೂ ಬೇಡ, ಕಥೆ ಬುದ್ಧಿವಾದ ಆಗಿಬಿಡುತ್ತದೆ. ಡುಮ್ಮಿ, ಕರಿಯ, ಕುಂಟ ಅನ್ನುವ ಹೆಸರಂತೂ ಖಂಡಿತ ಬೇಡ. ಇವತ್ತು ಬೊಂಬೆಗೆ ಕರೆದಿದ್ದನ್ನು ನಾಳೆ ಅಂಗನವಾಡಿಯಲ್ಲಿ ಪಕ್ಕ ಕೂತ ಮಗುವಿಗೆ ಕರೆಯುತ್ತಾಳೆ. ಹೆಸರಿನ ಕೊನೆಗೆ ಗೌಡ, ಶೆಟ್ಟಿ, ಭಟ್ಟ ಸೇರಿಸುವುದನ್ನೂ ಬಿಡಿ. ಅಜ್ಜಿ, ಅಯ್ಯ, ಪುಟ್ಟ, ಅಕ್ಕ ಇವೇ ಚೆನ್ನ, ಹೇಗೆ ಮಾತಾಡಿಸಬೇಕು ಅಂತ ಮಗುವಿಗೆ ತಕ್ಷಣ ತಿಳಿಯುತ್ತದೆ.

ನಾನು ಹೇಳಿದ ಹೆಸರುಗಳನ್ನೇ ಇಡಬೇಕು ಅಂತಲೂ ಇಲ್ಲ. ಹಗಲು ಹೊತ್ತು ಅವಳು ಆಡುವಾಗ ಪಕ್ಕದಲ್ಲಿ ಕೂತು ನೋಡಿ. ‘ಇದರ ಹೆಸರೇನು?’ ಅಂತ ಕೇಳಬೇಡಿ, ಕೇಳಿದರೆ ಗೊತ್ತಿರುವ ಯಾವುದೋ ಹೆಸರು ಹೇಳಿಬಿಡುತ್ತಾಳೆ, ಮತ್ತೆ ಪಿಂಕಿಯೇ. ಇವನಿಗೆ ಏನು ಕಂಡರೆ ಭಯ, ಯಾವಾಗಲೂ ಏನು ಹುಡುಕುತ್ತಾನೆ, ರಾತ್ರಿ ನಾವೆಲ್ಲ ಮಲಗಿದ ಮೇಲೆ ಏನು ಮಾಡುತ್ತಾನೆ ಅಂತ ಕೇಳಿ. ಅವಳ ಉತ್ತರದಲ್ಲೇ ಹೆಸರು ಇರುತ್ತದೆ. ‘ಚಪ್ಪಲಿ ಹುಡುಕ್ತಾನೆ’ ಅಂದರೆ ಅವನು ಚಪ್ಪಲಿಯಣ್ಣ.

ಹೆಸರು ಹಿಡಿಯಿತೋ ಇಲ್ಲವೋ ಅಂತ ಒಂದು ವಾರದಲ್ಲಿ ತಿಳಿಯುತ್ತದೆ. ನೀವು ಎದುರಿಗಿಲ್ಲದಾಗ ಅವಳು ಅದೇ ಹೆಸರಲ್ಲಿ ಬೊಂಬೆಯನ್ನು ಬೈಯುತ್ತಾಳಾ, ಕರೆಯುತ್ತಾಳಾ ಅಂತ ಕಿವಿಗೊಡಿ. ‘ಇದು, ಅದು’ ಅಂತಲೇ ಅನ್ನುತ್ತಿದ್ದರೆ ಆ ಹೆಸರು ನಿಮ್ಮದು ಮಾತ್ರ, ಬಿಟ್ಟುಬಿಡಿ. ಅವಳೇ ಹೆಸರು ಬದಲಾಯಿಸಿದರೆ ಹಳೆಯದನ್ನು ನೆನಪಿಸಲು ಹೋಗಬೇಡಿ, ಹೊಸದರಲ್ಲೇ ಶುರು ಮಾಡಿ. ಇನ್ನು ಯಾವತ್ತಾದರೂ ಅವಳು ‘ಹಾಗಲ್ಲ ಅಮ್ಮ, ಗಂಟಜ್ಜಿ ಹಂಗೆ ಮಾಡಲ್ಲ’ ಅಂದರೆ ಖುಷಿಪಡಿ. ಟೀವಿಯಲ್ಲಿ ನೋಡಿದ್ದನ್ನು ನೆನಪಿಟ್ಟುಕೊಂಡು ತಿದ್ದುತ್ತಿದ್ದ ಮಗು ಈಗ ತಾನೇ ಕಟ್ಟಿದ್ದನ್ನು ಇಟ್ಟುಕೊಂಡು ತಿದ್ದುತ್ತಿದೆ. ಗಂಟಜ್ಜಿ ಮತ್ತೆ ಹೇಗೆ ಮಾಡುತ್ತಾರೆ ಅಂತ ಅವಳನ್ನೇ ಕೇಳಿ.